ಕೆಂಪು ನೆಲದಲ್ಲೊಂದು ಗೆರೆ

ಟೈಲ್ಸ್ ನೆಲ ತೋರಿಸಿ ಎಂದರೆ ನನಗೆ ಹತ್ತು ನಿಮಿಷದ ಕೆಲಸ. ಎರಡಡಿಗೆ ಎರಡಡಿ ಚೌಕ, ನಡುವೆ ಕೂದಲೆಳೆಯಷ್ಟು ಸಂದು, ಮೇಲೆ ಕನ್ನಡಿ ಹೊಳಪು, ಮುಗಿಯಿತು. ಹಳೇ ಮನೆಗಳ ಕೆಂಪು ಗಾರೆ ನೆಲ, ರೆಡ್ ಆಕ್ಸೈಡ್, ತೋರಿಸಿ ಎಂದವರನ್ನು ಕಂಡರೆ ಮಾತ್ರ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಅದು ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರೆ ಬರುವ ನೆಲವಲ್ಲ. ಬರೀ ಕೆಂಪು ಹಾಕಿದರೆ ಪ್ಲಾಸ್ಟಿಕ್ ಹಾಳೆ ಹಾಸಿದಂತಿರುತ್ತದೆ, ಹೊಳಪು ಸ್ವಲ್ಪ ಏರಿಸಿದರೆ ಕೆಂಪು ಕೊಳ ಆಗುತ್ತದೆ.

ಕೆ.ಆರ್. ಪೇಟೆಯಲ್ಲಿ ಒಂದು ಕಬ್ಬಿಣ ಸಿಮೆಂಟಿನ ಅಂಗಡಿಯ ಮಹಡಿ ಮೇಲೆ ನನ್ನ ಕೋಣೆ. ಕಟ್ಟದ ಮನೆಯ ಒಳಾಂಗಣವನ್ನು ಕಟ್ಟಿದಂತೆ ಚಿತ್ರ ಮಾಡಿಕೊಡುವುದು ನನ್ನ ಕಸುಬು. ಇಲ್ಲಿ ಅದಕ್ಕೆ ತ್ರೀಡಿ ಅನ್ನುತ್ತಾರೆ. ನಮ್ಮಪ್ಪ ಬಡಗಿ. ಹಲಗೆ ಹೆರೆದ ಮೇಲೆ ಒಂದು ಕಣ್ಣು ಮುಚ್ಚಿ, ಹಲಗೆಯನ್ನು ಬೆಳಕಿಗೆ ಎದುರಾಗಿ ಹಿಡಿದು, ಅಂಚಿನಿಂದ ಓರೆಯಾಗಿ ನೋಡುತ್ತಿದ್ದರು. ಮೇಲಿನಿಂದ ನೋಡಿದರೆ ಕಾಣದ ಉಬ್ಬು ಹಾಗೆ ನೋಡಿದರೆ ಕಾಣುತ್ತದೆ. ನನಗೆ ಈ ಕೆಲಸದಲ್ಲಿ ಗೊತ್ತಿರುವುದರಲ್ಲಿ ಅರ್ಧ ಅಲ್ಲಿಂದ ಬಂದದ್ದು, ಉಳಿದರ್ಧ ಬೈಸಿಕೊಂಡು ಕಲಿತದ್ದು.

ನನಗೆ ಹೆಚ್ಚು ಕೆಲಸ ಕೊಡುವವರು ಶ್ರೀರಂಗಪಟ್ಟಣದ ಒಬ್ಬ ಎಂಜಿನಿಯರು. ಒಂದು ದಿನ ಫೋನು ಮಾಡಿ ಪಾಂಡವಪುರದ ಒಂದು ಹಳೇ ಮನೆಗೆ ಹೋಗಿ ಬಾ ಎಂದರು. ಆ ಮನೆ ಒಬ್ಬ ಅಕ್ಕ ಮತ್ತು ಅವರ ತಮ್ಮನಿಗೆ ಸೇರಿದ್ದು. ಅಕ್ಕ ನರ್ಸಾಗಿದ್ದು ನಿವೃತ್ತಿಯಾದವರು, ಅದೇ ಮನೆಯಲ್ಲಿ ಇದ್ದವರು. ತಮ್ಮ ಅಲ್ಲೇ ಎರಡು ಬೀದಿ ಆಚೆ ಇದ್ದರು. ಈಗ ಮನೆಯನ್ನು ದುರಸ್ತಿ ಮಾಡಿಸಿ, ಹಿಂದೆ ಊಟದ ಕೋಣೆ ಕಟ್ಟಿಸಿ, ತಮ್ಮನ ಸಂಸಾರವೂ ಅಲ್ಲಿಗೇ ಬರುವುದೆಂದು ಮಾತಾಗಿತ್ತು. ಎಲ್ಲವೂ ಒಪ್ಪಿತವಾಗಿ, ನಡುಮನೆಯ ನೆಲದ ಹತ್ತಿರ ಬಂದು ನಿಂತಿತ್ತು. ಅಕ್ಕನಿಗೆ ಹಳೇ ರೆಡ್ ಆಕ್ಸೈಡ್ ಉಳಿಯಬೇಕು. ತಮ್ಮನಿಗೆ ಅದು ಒಡೆದು ಹೋಗಬೇಕು, ಗ್ರಾನೈಟು ಬರಬೇಕು. ಕೊನೆಗೆ ಎಂಜಿನಿಯರು, ಎರಡು ಥರದ ಚಿತ್ರ ಮಾಡಿಸ್ತೀನಿ, ನೋಡಿ ತೀರ್ಮಾನ ಮಾಡಿ, ಅಲ್ಲಿವರೆಗೂ ಯಾರೂ ಸುತ್ತಿಗೆ ಮುಟ್ಟಬೇಡಿ ಎಂದಿದ್ದರು. ಒಡೆಯುವ ಆಳುಗಳಿಗೆ ಸೋಮವಾರ ಬರಲು ಹೇಳಿಯಾಗಿತ್ತು.

ನಾನು ಹೋದದ್ದು ಬೆಳಗ್ಗೆ. ನೆಲ ಚೆನ್ನಾಗಿತ್ತು. ಸುತ್ತ ನಾಲ್ಕು ಬೆರಳಗಲದ ಕಪ್ಪು ಪಟ್ಟಿ, ಒಳಗೆ ಒಣಮೆಣಸಿನಕಾಯಿ ಬಣ್ಣದ ಕೆಂಪು, ಓಡಾಡುವ ಕಡೆ ಮಾತ್ರ ಇನ್ನೂ ಗಾಢ. ನಾನು ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ತಮ್ಮ ಬಂದರು. ಐವತ್ತೈದು ದಾಟಿದ, ಗಟ್ಟಿಮುಟ್ಟಾದ ಮನುಷ್ಯ. ಚಪ್ಪಲಿ ಬಿಟ್ಟು ನಡುಮನೆಗೆ ಬಂದವರು ಅರ್ಧದಲ್ಲಿ ಹೊಸಿಲು ದಾಟುವವರಂತೆ ಬಲಗಾಲೆತ್ತಿ ಇಟ್ಟು ಮುಂದೆ ಹೋದರು. ಅಲ್ಲಿ ಹೊಸಿಲೇನೂ ಇರಲಿಲ್ಲ. ಕಾಲು ನೋವೇನೋ ಅಂದುಕೊಂಡೆ.

"ನೋಡಮ್ಮ, ಇದ ನೀನು ಎಷ್ಟು ಚೆಂದಾಗಿ ತೋರ್ಸುದ್ರೂ ನಂಗೆ ಬ್ಯಾಡ. ಅಕ್ಕನ್ ಮಾತಿಗೆ ಒಪ್ಕಂಡಿವ್ನಿ ಅಷ್ಟೇಯ," ಎಂದರು.

ಅಕ್ಕ ಅಡುಗೆಮನೆಯಿಂದ ಕಾಫಿ ತಂದು ಇಟ್ಟರು.

ಕೋಣೆಗೆ ಮರಳಿ ಚಿತ್ರ ಮಾಡಿದೆ. ನನ್ನ ಕಸುಬಿನವರೆಲ್ಲ ಮಾಡುವ ಕೆಲಸವನ್ನೇ ಮಾಡಿದೆ: ನೆಲದ ಫೋಟೋ ಜೋಡಿಸಿ, ಕಲೆ ಬಿರುಕು ಇದ್ದಲ್ಲೆಲ್ಲ ಪಕ್ಕದ ಕೆಂಪನ್ನೇ ತಂದು ಸವರಿ ಮುಚ್ಚಿದೆ. ನಡುಮನೆಯ ಅರ್ಧದಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ಸಣ್ಣ ಗೆರೆ ಓಡಿತ್ತು. ಬಿರುಕೆಂದುಕೊಂಡು ಅದನ್ನೂ ಅಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮೇಲೆ ಹೊಳಪು ಕೊಟ್ಟೆ, ಹಿಂದಿನ ಗೋಡೆಯ ಕಿಟಕಿ ನೆಲದಲ್ಲಿ ಸರಳು ಸರಳಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು. ಚೆಂದವಾಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹಿಂದಿನ ಊಟದ ಕೋಣೆಗೆ ಇಬ್ಬರೂ ಒಪ್ಪಿದ್ದ ಮೊಸಾಯಿಕ್ ಹಾಕಿ, ಗ್ರಾನೈಟಿನ ಇನ್ನೊಂದು ಚಿತ್ರವನ್ನೂ ಸೇರಿಸಿ ಎಂಜಿನಿಯರಿಗೆ ಕಳಿಸಿದೆ.

ಮಾರನೇ ದಿನ ಎಂಜಿನಿಯರು ನಗುತ್ತಲೇ ಫೋನು ಮಾಡಿದರು. ತಮ್ಮ ಒಪ್ಪಿದ್ದಾರೆ, 'ಇಂಗಾಗೋದಾದ್ರೆ ನೆಲ ಇರ್ಲಿ' ಅಂದಿದ್ದಾರೆ, ಭಾಳ ಹೊತ್ತು ಚಿತ್ರ ನೋಡ್ತಾ ಕೂತಿದ್ದರು ಎಂದರು. ನಾನು ಹಿಗ್ಗಿದೆ. ಅರ್ಧ ಗಂಟೆಗೆ ಅಕ್ಕನ ಫೋನು ಬಂತು.

"ಗೆರೆ ಎಲ್ಲಮ್ಮ?"

"ಯಾವ ಗೆರೆ, ಅಕ್ಕ? ಬಿರುಕಾ? ಅದನ್ನ ತೆಗೆದುಬಿಟ್ಟಿದೀನಿ."

"ಅದು ಬಿರುಕಲ್ಲ. ನೆಲ ಬೇರೆ, ನೀರು ನಿಂತಂಗದೆ," ಎಂದರು. "ಆ ನೆಲ ಆಕ್ದೋರು ನಾಗಮಂಗಲದಲ್ಲಿ ಮಗಳ ಮನೇಲವ್ರೆ. ಓಗಿ ಕೇಳು. ನಾನು ಯೋಳಾಕಿಲ್ಲ."

ನನಗೆ ರೇಗಿತು. ಗಿರಾಕಿ ಒಪ್ಪಿದ ಮೇಲೆ ಚಿತ್ರಕ್ಕೆ ಹೆಸರಿಡುವವರನ್ನು ಕಂಡರೆ ನನಗಾಗದು. ಆದರೆ 'ನೀರು ನಿಂತಂಗದೆ' ಅನ್ನುವುದು ಕಿವಿಯಲ್ಲೇ ಉಳಿಯಿತು, ಯಾಕೆಂದರೆ ಅದು ನಿಜವಾಗಿತ್ತು. ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದೆ.

ಗಾರೆ ಕೆಲಸದ ಆ ತಾತ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬೆರಳುಗಳು ಈಗಲೂ ಕರಣೆ ಹಿಡಿದಂತೆ ಬಾಗಿದ್ದವು. ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಯಾವೂರ್ ನೆಲವ್ವ ಇದು? ರೆಡ್ಡಾಕ್ಸೈಡ್‌ನಾಗೆ ಕಿಟಕಿ ಇಂಗೆ ಕಾಣಾಕಿಲ್ಲ. ಬೆಳಕು ಬೀಳ್ತದೆ, ಆದ್ರೆ ಕಲಸ್ಕಂಡು ಬೀಳ್ತದೆ. ಎಣ್ಣೆ ಕೈಯಲ್ಲಿ ಒರಸ್ದಂಗೆ. ದೂರದಲ್ಲಿ ಒಳೀತದೆ, ಕಾಲ್ತಾವ ಬಣ್ಣ ಮಾತ್ರ."

ಇಷ್ಟು ವರ್ಷದಲ್ಲಿ ಯಾವ ಪಾಠದಲ್ಲೂ ಇಷ್ಟು ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ. ಊಟದ ಕೋಣೆಯ ಚಿತ್ರಕ್ಕೂ ಕೊಂಕು ತೆಗೆದರು. ಕಲ್ಲಿನ ಚೂರುಗಳೆಲ್ಲ ಒಂದೇ ಅಳತೆ, ಒಂದೇ ಗುಂಪು ಮೂರಡಿಗೊಂದು ಸಲ ಮತ್ತೆ ಬರುತ್ತಿದೆ, ಚೌಕಗಳ ನಡುವಿನ ಗಾಜಿನ ಪಟ್ಟಿ ಬೆರಳು ದಪ್ಪಕ್ಕೆ ಮೇಲೆದ್ದು ನಿಂತಿದೆ ಎಂದರು. ಪಟ್ಟಿಯನ್ನು ಮೊದಲೇ ನಿಲ್ಲಿಸಿ, ಆಮೇಲೆ ಚೂರು ಸಿಮೆಂಟು ತುಂಬಿ, ಒಣಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತಿಕ್ಕುತ್ತಾರಂತೆ. ಕಾಲಿಗೆ ಗೊತ್ತಾಗಬಾರದು, ಕಣ್ಣಿಗೆ ಮಾತ್ರ ದಾರದಂತೆ ಕಾಣಬೇಕು.

"ಮೊಸಾಯಿಕ್‌ಗೆ ಗೆರೆ ನಾವೇ ಆಕ್ತೀವಿ, ಸೀಳುದ್ರೆ ಅಲ್ಲೇ ಸೀಳ್ಲಿ ಅಂತವ. ರೆಡ್ಡಾಕ್ಸೈಡ್‌ಗೆ ಆಕಾಕಿಲ್ಲ. ಒಂದ್ ರೂಮು ಅಂದ್ರೆ ಒಂದೇ ದಿನ, ಒಂದೇ ಕೈ. ನಡುವೆ ಬುಟ್ಟು ಎದ್ರೆ ಅದು ಒಣಗಿ ಇಡ್ಕಬುಡ್ತದೆ, ಮಾರ್ನೆ ದಿನ ಆಕಿದ್ದು ಅದ್ಕೆ ಅಂಟಾಕಿಲ್ಲ."

"ಹಾಗಾದರೆ ಪಾಂಡವಪುರದ ನೆಲದಲ್ಲಿ ಗೆರೆ ಯಾಕಿದೆ, ತಾತ?"

ಅವರೆಕಾಯಿ ಬಿಡಿಸುವುದು ನಿಂತಿತು.

"ನಾನು ಬುಟ್ಟೆದ್ದೆ," ಎಂದರು.

ಅಂದು ಅವರು ಅಡುಗೆಮನೆ ಕಡೆಯಿಂದ ಶುರು ಮಾಡಿ, ಮುಂಬಾಗಿಲ ಕಡೆಗೆ ಹಿಂದಕ್ಕೆ ಸರಿಯುತ್ತಾ ಕೆಂಪು ಗಾರೆ ಹಾಕಿ ಉಜ್ಜುತ್ತಿದ್ದರಂತೆ. ನೆಲ ಹಾಕುವ ದಿನ ಮನೆಯೊಳಗೆ ಯಾರೂ ಕಾಲಿಡುವಂತಿಲ್ಲ, ಮಕ್ಕಳೆಲ್ಲ ಹೊರಗೆ. ದೊಡ್ಡ ಮಗಳು, ಅಂದರೆ ಈ ಅಕ್ಕ, ಸ್ಕೂಲಿಗೆ ಹೋಗಿದ್ದಳು. ಎಂಟು ವರ್ಷದ ತಮ್ಮನನ್ನು ಮನೆಯಲ್ಲಿ ಉಳಿಸಿಕೊಂಡು, ಪುಟ್ಟ ತಂಗಿಯನ್ನು ನೋಡಿಕೋ ಎಂದು ಹೇಳಿ ತಾಯಿ ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದಳು. ಹುಡುಗ ಮುಂಬಾಗಿಲಲ್ಲಿ ನಿಂತು ನೆಲ ಹೊಳಪಿಗೆ ಬರುವುದನ್ನೇ ನೋಡುತ್ತಿದ್ದ.

"ಕಣ್ ಕೀಳ್ದಂಗೆ ನೋಡ್ತಿದ್ದ ಕಣವ್ವ. ನಂಗೂ ಕುಸಿ. ಮೊಕ ಕಾಣ್ತದಾ ಅಂತ ಕೇಳ್ದ, ಇನ್ನೊಸಿ ಉಜ್ತೀನಿ ತಡಿ ಕಾಣ್ತದೆ ಅಂದೆ. ಆಗ ಯಾರೋ ಕೂಗ್ಕಂಡು ಬಂದ್ರು, ಎಣ್ಮಗ ನಾಲೆಗೆ ಬಿದ್ಬುಟ್ಟದೆ ಅಂತ. ಕರಣೆ ಅಲ್ಲೇ ಬುಟ್ಟು ಓಡ್ದೆ. ಎಲ್ರೂ ಓಡುದ್ರು. ಸಿಕ್ಕೋಷ್ಟೊತ್ಗೆ ಏನೂ ಉಳ್ದಿರ್ನಿಲ್ಲ."

ನೆಲ ಅರ್ಧಕ್ಕೆ ನಿಂತಿತು. ತಿಂಗಳಾದ ಮೇಲೆ ಉಳಿದರ್ಧ ಹಾಕಿಕೊಟ್ಟು ಬಂದರಂತೆ. ಎಷ್ಟು ಉಜ್ಜಿದರೂ ಎರಡೂ ಒಂದಾಗಲಿಲ್ಲ.

"ಈಗ ಅದನ್ನ ಸರಿಮಾಡೋಕಾಗಲ್ವಾ?" ಎಂದೆ.

"ಕೊರದು ತುಂಬುದ್ರೆ ದಾರದಂಗಿರೋದು ಪಟ್ಟಿ ಆಯ್ತದೆ. ಹಳೇ ಕೆಂಪು ಮತ್ತೆ ಬರಾಕಿಲ್ಲ. ಬುಟ್ಟರೆ ಇರ್ತದೆ, ಇಲ್ಲ ಪೂರಾ ಒಡೀಬೇಕು. ಒಡ್ಯಾಕೇನು, ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ."

ವಾಪಸು ಬರುವ ಬಸ್ಸಿನಲ್ಲಿ ನಡುಮನೆಯಲ್ಲಿ ತಮ್ಮ ಎತ್ತಿ ಇಟ್ಟ ಕಾಲು ನೆನಪಾಯಿತು. ನಲವತ್ತೇಳು ನಲವತ್ತೆಂಟು ವರ್ಷ ಅವರು ದಾಟಿದ ಗೆರೆಯನ್ನು ನಾನು ಒಂದು ನಿಮಿಷದಲ್ಲಿ ಅಳಿಸಿ ತೋರಿಸಿದ್ದೆ, ಅದಿಲ್ಲದ ಮನೆಯನ್ನು ಅವರು ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಒಪ್ಪಿಗೆ ಬಂದದ್ದು ಅದಕ್ಕೆ. ಅಂಥ ನೆಲ ಎಲ್ಲೂ ಇಲ್ಲ.

ನನ್ನ ಕೋಣೆಗೆ ಹೋಗದೆ ಪಾಂಡವಪುರಕ್ಕೇ ಹೋಗಿ ಅಕ್ಕನ ಮುಂದೆ ಕೂತೆ. ಗೆರೆ ಹಾಕಿ ಬೇರೆ ಚಿತ್ರ ಮಾಡುತ್ತೇನೆ ಎಂದೆ. ಅವರ ಮನಸ್ಸು ಆಗಲೇ ತಿರುಗಿತ್ತು.

"ಬ್ಯಾಡ ಕಣಮ್ಮ, ಯೋಚ್ನೆ ಮಾಡ್ದೆ. ಅಂಗೇ ಇರ್ಲಿ ಬುಡು. ಅವ್ನು ಒಪ್ಕಂಡವ್ನೆ, ಸೋಮವಾರ ಒಡೆಯೋರು ಬರಾಕಿಲ್ಲ. ಆಮ್ಯಾಕೆ ನೋಡ್ಕಳನ."

"ಆಮೇಲೆ ಗೆರೆ ಅಲ್ಲೇ ಇರತ್ತಲ್ಲ ಅಕ್ಕ. ನಿಮ್ಮ ತಮ್ಮನಿಗೆ ಮೋಸ ಮಾಡಿದ ಹಾಗೆ."

"ಅಷ್ಟ್ ದಿನನಾದ್ರೂ ಇರ್ತದೆ. ತಂಗೀದು ಅಂತ ಒಂದು ಫೋಟೋನೂ ಇಲ್ಲ ಈ ಮನೇಲಿ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರೇನೋ. ನಾನು ಸುಮ್ಮನಿರದಿದ್ದುದಕ್ಕೆ ಕಾರಣ ನಮ್ಮವ್ವ. ನನಗೆ ಕೆಲಸ ಕೈಹತ್ತಿದ ಹೊಸದರಲ್ಲಿ ನಮ್ಮ ಮನೆಯ ಕೆಂಪು ನೆಲದ ಮೇಲೆ ಬಿಳೀ ಟೈಲ್ಸ್ ಹಾಕಿಸುತ್ತೇನೆಂದು ಹೊರಟು, ಹೀಗೇ ಒಂದು ಚಿತ್ರ ಮಾಡಿ ತೋರಿಸಿದ್ದೆ. ಚಿತ್ರದಲ್ಲಿ ಅವ್ವ ಕೂರುವ ಮೂಲೆಗೆ ಒಂದು ಹೂಕುಂಡ ಇಟ್ಟಿದ್ದೆ. ಅವ್ವ ನೋಡಿ, ಚೆಂದಾಗದೆ ಕಣವ್ವ, ಎಂದಳು. ಟೈಲ್ಸ್ ಬಂದ ಮೇಲೆ ಅವಳು ನೆಲದ ಮೇಲೆ ಕೂತದ್ದನ್ನು ನಾನು ನೋಡಲಿಲ್ಲ, ಕುರ್ಚಿಯಲ್ಲೇ ಕೂತಳು, ಕುರ್ಚಿಯಲ್ಲೇ ಹೋದಳು. ಚಿತ್ರ ತೋರಿಸಿ ಒಪ್ಪಿಸುವುದು ನನಗೆ ಅಂದೇ ಕರಗತವಾಗಿತ್ತು. ಅದರ ಪಾಪ ಏನೆಂದು ಆಮೇಲೆ ಗೊತ್ತಾಯಿತು.

ಅಕ್ಕನಿಗೆ ಇದನ್ನೆಲ್ಲ ಹೇಳಲಿಲ್ಲ. ಸರಿಯಾದ ಚಿತ್ರ ಮಾಡುತ್ತೇನೆ, ಅದನ್ನು ನೋಡಿ ನಿಮ್ಮ ತಮ್ಮ ಒಡೆಯಲಿ ಬಿಡಲಿ, ಎಂದಷ್ಟೇ ಹೇಳಿದೆ. ಅಕ್ಕ ಮುಖ ತಿರುಗಿಸಿಕೊಂಡರು. ಆದರೂ ಮತ್ತೆ ಫೋಟೋ ತೆಗೆಯಲು ಬಿಟ್ಟರು. ಕಿಟಕಿ ಮುಚ್ಚಿ, ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಹಿಡಿದು ನಾಲ್ಕೂ ದಿಕ್ಕಿನಿಂದ ಬೆಳಕು ಹಾಯಿಸಿ ತೆಗೆದೆ. ನಮ್ಮಪ್ಪ ಹಲಗೆ ನೋಡುತ್ತಿದ್ದ ಹಾಗೆ.

ನೆಲದ ಹೊಳಪನ್ನು ಕಂಪ್ಯೂಟರಿಗೆ ಹೇಳಲು ಬಣ್ಣ ಸಾಲದು, ಬೂದು ಬಣ್ಣದ ಇನ್ನೊಂದು ಚಿತ್ರ ಬೇಕು. ಅದರಲ್ಲಿ ಒರಟು ಜಾಗ ಬೆಳ್ಳಗೆ, ನುಣುಪಾದ ಜಾಗ ಕಪ್ಪಗೆ. ಕೆಂಪೆಲ್ಲ ತೆಗೆದು ಅದನ್ನು ಮಾಡಿದೆ. ಗೆರೆಯ ಆಚೆ ಈಚೆ ಬೂದು ಒಂದೇ ಅಲ್ಲ, ಮೊದಲ ದಿನದ ಕಡೆ ಒಂಚೂರು ಕಪ್ಪು. ಅದಕ್ಕೇ ಕಿಟಕಿಯ ಬೆಳಕು ಗೆರೆಯ ಹತ್ತಿರ ಬಂದು ಮುರಿದಂತೆ ಕಾಣುವುದು. ಗೆರೆಯ ಆಳಕ್ಕಿಂತ ಆ ಮುರಿತವೇ ಅದನ್ನು ತೋರಿಸುತ್ತದೆ. ಬಾಗಿಲಿನಿಂದ ಅಡುಗೆಮನೆಗೆ ಜನ ನಡೆದ ದಾರಿ ಕಪ್ಪಗೆ ಕಂಡಿತು. ಇದೆಲ್ಲ ನಾನು ನಿರೀಕ್ಷಿಸಿದ್ದೇ.

ನಿರೀಕ್ಷಿಸದೆ ಇದ್ದದ್ದು ಎಡಗಡೆ ಗೋಡೆಯ ಪಕ್ಕ ಇತ್ತು. ಅಲ್ಲಿ ಯಾರೂ ನಡೆಯುವುದಿಲ್ಲ. ಆದರೆ ಗೆರೆಗೆ ತಾಗಿದಂತೆ, ಅಡುಗೆಮನೆಯ ಮಗ್ಗುಲಲ್ಲಿ, ಕಡುಗಪ್ಪಾಗಿ, ಅಂದರೆ ತೀರ ನುಣುಪಾಗಿ, ಒಂದು ಗುರುತಿತ್ತು. ಕಾಲು ಮಡಿಸಿ ಕೂತ ಹೆಂಗಸಿನಷ್ಟು ಅಗಲ. ಅದರ ಮುಂದೆ ಎರಡಡಿ ಉದ್ದಕ್ಕೆ ಗೆರೆಯೇ ಇರಲಿಲ್ಲ. ನಾನೇ ತಪ್ಪಿ ಅಳಿಸಿದೆನೇ ಎಂದು ಮೂಲ ಫೋಟೋ ತೆಗೆದು ನೋಡಿದೆ. ಅಲ್ಲೂ ಇಲ್ಲ. ನಾಲ್ಕು ದಿಕ್ಕಿನ ಬೆಳಕಿನಲ್ಲೂ ಇಲ್ಲ. ಮಟಮಟ ಮಧ್ಯಾಹ್ನ, ಕೆಳಗೆ ಲಾರಿಗೆ ಕಂಬಿ ತುಂಬುವ ಸದ್ದು, ಆದರೂ ಯಾರೋ ಅಲ್ಲಿ ಕೂತು ಈಗ ಎದ್ದು ಹೋದಂತಿತ್ತು. ಎದ್ದು ಕೋಣೆಯ ಬಾಗಿಲು ತೆಗೆದಿಟ್ಟು ಬಂದು ಕೆಲಸ ಮುಂದುವರಿಸಿದೆ. ಆ ಜಾಗವನ್ನು ಮುಟ್ಟಲಿಲ್ಲ, ಇದ್ದುದನ್ನು ಇದ್ದಂತೆ ಬಿಟ್ಟೆ.

ಭಾನುವಾರ ಬೆಳಗ್ಗೆ ಅಕ್ಕ, ತಮ್ಮ ಇಬ್ಬರನ್ನೂ ಅದೇ ಮನೆಯ ಪಡಸಾಲೆಯಲ್ಲಿ ಕೂರಿಸಿ ಮೊದಲಿನ ಚಿತ್ರ ಸುಳ್ಳೆಂದು ಹೇಳಿದೆ. ಆ ಗೆರೆ ತೆಗೆಯಲು ಬರುವುದಿಲ್ಲ, ನಾನು ತಿಳಿಯದೆ ಅಳಿಸಿದ್ದೆ, ತಪ್ಪಾಯಿತು, ಎಂದೆ. ತಮ್ಮನ ಮುಖ ಬಿಗಿಯಿತು. ಹೊಸ ಚಿತ್ರ ತೆರೆದೆ. ಕಿಟಕಿಯ ಬೆಳಕು ಕಲಸಿಕೊಂಡು ಕೆಂಪಿನ ಮೇಲೆ ಉದ್ದಕ್ಕೆ ಬಿದ್ದಿತ್ತು, ದೂರದಲ್ಲಿ ಹೊಳಪು, ಕಾಲ ಬಳಿ ಬರೀ ಬಣ್ಣ. ನಡುವೆ ಗೆರೆ, ದಾರದಷ್ಟು. ಹಿಂದೆ ಊಟದ ಕೋಣೆಯ ಮೊಸಾಯಿಕ್ ಸ್ವಲ್ಪ ಕಾಣುತ್ತಿತ್ತು, ಅದರ ಪಟ್ಟಿಗಳೂ ಅಷ್ಟೇ ಸಣ್ಣಗೆ.

"ಅದೇಯ," ಎಂದರು ತಮ್ಮ ಮೆಲ್ಲಗೆ. ಚಿತ್ರದಲ್ಲೂ ಅವರಿಗೆ ಅದನ್ನು ದಾಟುವುದು ಕಷ್ಟವಾದಂತಿತ್ತು. ಕಣ್ಣು ಗೆರೆಯ ಉದ್ದಕ್ಕೂ ಸರಿದು ಎಡಗೋಡೆಯ ಹತ್ತಿರ ನಿಂತಿತು.

"ಇಲ್ಲಿ ಯಾಕಿಲ್ಲ? ಇಲ್ಲೂ ಅಳಿಸ್ದಾ?"

"ನಾನು ಅಳಿಸಿಲ್ಲ ಅಣ್ಣ. ನೆಲದಲ್ಲೇ ಇಲ್ಲ. ಯಾರೋ ಬಹಳ ವರ್ಷ ಅಲ್ಲಿ ಕೂತಿದಾರೆ."

ಅಕ್ಕ ಚಿತ್ರದ ಕಡೆ ನೋಡಲೇ ಇಲ್ಲ. ಸೆರಗಿನ ತುದಿ ಮಡಿಸುತ್ತಾ ಹೇಳಿದರು:

"ಅವ್ವ. ನೀನು ಸ್ಕೂಲ್ಗೆ ಓದ್ಮ್ಯಾಕೆ ಅಲ್ಲಿ ಕುಂತ್ಕತಿದ್ಲು. ಬಾಗ್ಲು ಕಡೀಕೆ ಮೊಕ ಮಾಡ್ಕಂಡು, ಅಂಗೈಲಿ ಆ ಗೆರೆ ಉಜ್ತಾ. ನೀನು ಬರೋ ಒತ್ಗೆ ಎದ್ಬುಡೋಳು. ಅವನಿಗೆ ಕಾಣ್ಬಾರ್ದು ಕಣೆ, ಮಗ ನೊಂದ್ಕತನೆ, ಅನ್ನೋಳು. ಸಾಯೋಗಂಟ ಮಾಡುದ್ಲು. ಅಳಿಸ್ತಿದ್ಲೋ, ಸವರ್ತಿದ್ಲೋ, ನಂಗೊತ್ತಿಲ್ಲ."

ತಮ್ಮ ನಮಗಲ್ಲ ಎನ್ನುವಂತೆ, "ನಂತಾವ ಒಂದ್ ದಿನನೂ ಒಂದ್ ಮಾತು ಆಡ್ನಿಲ್ಲ. ನನ್ ಮ್ಯಾಲೆ ಕ್ವಾಪ ಅಂದ್ಕಂಡಿದ್ದೆ," ಎಂದರು.

ಎದ್ದು ನಡುಮನೆಗೆ ಹೋದರು. ನಾನು ಪಡಸಾಲೆಯಲ್ಲೇ ಕೂತು ಬಾಗಿಲಿನಿಂದ ನೋಡುತ್ತಿದ್ದೆ, ನೋಡಬಾರದೆಂದು ಗೊತ್ತಿದ್ದರೂ. ಅವರು ಅಭ್ಯಾಸದ ದಾರಿ ಬಿಟ್ಟು ಎಡಗೋಡೆಯ ಕಡೆ ನಡೆದರು. ಅಲ್ಲಿ ಬಗ್ಗಿ, ಬೆರಳಿಂದ ಗೆರೆಯನ್ನು ಹುಡುಕಿದರು. ಅದು ಮುಗಿಯುವ ಕಡೆಯಿಂದ ಮತ್ತೆ ಶುರುವಾಗುವ ಕಡೆವರೆಗೆ ಬೆರಳು ಸರಿಯಿತು. ನೆಲಕ್ಕೆ ಅಂಗೈ ಊರಿ ಸ್ವಲ್ಪ ಹೊತ್ತು ಹಾಗೇ ಇದ್ದರು.

ಸೋಮವಾರ ಆಳುಗಳು ಬರಲಿಲ್ಲ. ತಮ್ಮನೇ ಫೋನು ಮಾಡಿ ಬೇಡ ಎಂದಿದ್ದರು.

ಮನೆ ಮುಗಿದ ಮೇಲೆ ಒಮ್ಮೆ ಊಟಕ್ಕೆ ಕರೆದಿದ್ದರು. ನಾನು ಹೋದಾಗ ಇನ್ನೂ ಬೆಳಗ್ಗೆಯ ಬೆಳಕಿತ್ತು, ನೆಲ ನನ್ನ ಚಿತ್ರದಂತೆಯೇ ಇತ್ತು. ಹಾಗೆ ಹೇಳುವುದು ತಲೆಕೆಳಗು ಮಾತೆಂದು ನನಗೂ ಗೊತ್ತು. ಜನ ಹೆಚ್ಚಿದ್ದರಿಂದ ಪಡಸಾಲೆಯಲ್ಲೂ ಎಲೆ ಹಾಕಿದ್ದರು. ತಮ್ಮ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಪಡಸಾಲೆಗೂ ಪಡಸಾಲೆಯಿಂದ ಅಡುಗೆಮನೆಗೂ ಓಡಾಡಿ ಬಡಿಸಿದರು. ನೇರ ದಾರಿಯಲ್ಲಿ ಒಂದು ಸಲವೂ ಬರಲಿಲ್ಲ. ಪ್ರತಿ ಸಲವೂ ಸುತ್ತಿ ಎಡಗೋಡೆಯ ಪಕ್ಕ ಹೋಗಿ, ಆ ಎರಡಡಿಯಲ್ಲಿ, ಕಾಲೆತ್ತದೆ ದಾಟುತ್ತಿದ್ದರು.